ಚೌಕ ಕಂಡರೆ ಫಾಂಟ್, ಗೋಜಲು ಕಂಡರೆ ಎನ್‌ಕೋಡಿಂಗ್

ಇಮೇಲ್‌ನಲ್ಲಿ ಕನ್ನಡದ ಬದಲು ಖಾಲಿ ಚೌಕಗಳು ಕಂಡರೆ ಗಾಬರಿ ಬೇಡ. ಸಾಮಾನ್ಯವಾಗಿ ಪತ್ರ ಕೆಟ್ಟಿರುವುದಿಲ್ಲ. ಯುನಿಕೋಡ್‌ನಲ್ಲಿ ‘ಕ’ ಅಕ್ಷರದ ಸಂಖ್ಯೆ U+0C95. ಆ ಸಂಖ್ಯೆ ಸರಿಯಾಗಿಯೇ ತಲುಪಿದೆ, ಅದಕ್ಕೆ ರೂಪ ಕೊಡುವ ಕನ್ನಡ ಫಾಂಟ್ ಮಾತ್ರ ನಿಮ್ಮ ಕಂಪ್ಯೂಟರಿನಲ್ಲಿಲ್ಲ. ತುಂಗಾ ಅಥವಾ ನೋಟೋ ಸಾನ್ಸ್ ಕನ್ನಡ ಹಾಕಿಕೊಂಡರೆ ಅಕ್ಷರಗಳು ಮೂಡುತ್ತವೆ.

‘à²•’ ಎಂಬಂಥ ಗೋಜಲು ಕಂಡರೆ ಕಥೆಯೇ ಬೇರೆ. UTF-8 ಪದ್ಧತಿಯಲ್ಲಿ ‘ಕ’ ಮೂರು ಬೈಟ್‌ಗಳಾಗಿ ಸಾಗುತ್ತದೆ: E0 B2 95. ಪತ್ರದ ಹೆಡರ್‌ನಲ್ಲಿ charset ತಪ್ಪಾಗಿ ನಮೂದಾಗಿದ್ದರೆ, ಓದುವ ತಂತ್ರಾಂಶ ಪ್ರತಿ ಬೈಟನ್ನೂ ಬೇರೆ ಬೇರೆ ಚಿಹ್ನೆಯೆಂದೇ ತಿಳಿಯುತ್ತದೆ. ಎನ್‌ಕೋಡಿಂಗ್ ಆಯ್ಕೆಯನ್ನು UTF-8ಗೆ ಬದಲಿಸಿದರೆ ಬಹುಮಟ್ಟಿಗೆ ಸರಿಹೋಗುತ್ತದೆ.

ಸಾಲಿಗೆ ಸಾಲೇ ‘????’ ಆಗಿದ್ದರೆ ಮಾತ್ರ ಅಕ್ಷರಗಳು ದಾರಿಯಲ್ಲೇ ಅಳಿದುಹೋಗಿರುತ್ತವೆ. ಯಾವ ಫಾಂಟೂ ಅವನ್ನು ಮರಳಿಸದು. ಕಳಿಸಿದವರಿಂದ ಮತ್ತೆ ತರಿಸಿಕೊಳ್ಳಿ.