ಎಲೆಗೆಷ್ಟು ಎಂದು ಕೇಳುವ ಮೊದಲು

ಮದುವೆ ಗೊತ್ತಾದ ಮನೆಯವರು ಅಡುಗೆ ಕಾಂಟ್ರಾಕ್ಟರಿಗೆ ಫೋನ್ ಮಾಡಿ ಮೊದಲು ಕೇಳುವುದು ಒಂದೇ ಪ್ರಶ್ನೆ: ‘ಎಲೆಗೆ ಎಷ್ಟಾಗುತ್ತೆ?’ ಅನುಭವಿ ಕಾಂಟ್ರಾಕ್ಟರು ಉತ್ತರ ಕೊಡುವುದಿಲ್ಲ, ತಿರುಗಿ ಕೇಳುತ್ತಾರೆ: ‘ಎಷ್ಟು ಎಲೆ ಗ್ಯಾರಂಟಿ ಕೊಡ್ತೀರಿ?’ ಮನೆಯವರಿಗೆ ಇದು ಜಾರಿಕೊಳ್ಳುವ ಮಾತಿನಂತೆ ಕೇಳಿಸಬಹುದು. ಆದರೆ ಆ ಎರಡನೇ ಸಂಖ್ಯೆ ಗೊತ್ತಾಗದೆ ಮೊದಲನೆಯದನ್ನು ಹೇಳಲು ಅವರಿಗೆ ನಿಜವಾಗಿಯೂ ಬರುವುದಿಲ್ಲ.

ಬೆಂಗಳೂರು, ಮೈಸೂರು ಕಡೆಯ ಛತ್ರಗಳಲ್ಲಿ ನಡೆಯುವ ಎಲೆ ಊಟವನ್ನೇ ನೋಡಿ. ನೂರು ಎಲೆಯ ಒಂದು ಪಂಕ್ತಿಗೆ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಎರಡು ಪಲ್ಯ, ಗೊಜ್ಜು, ಚಿತ್ರಾನ್ನ, ಆಂಬೊಡೆ, ಹಪ್ಪಳ, ಅನ್ನ, ತೊವ್ವೆ, ತುಪ್ಪ, ಸಾರು, ಹುಳಿ, ಸಿಹಿ, ಮಜ್ಜಿಗೆ ಎಲ್ಲವೂ ಸರದಿಯಲ್ಲಿ ಬರಬೇಕು. ಒಬ್ಬರ ಕೈಯಲ್ಲಿ ಒಂದೇ ಪಾತ್ರೆ. ಅನ್ನದವರ ಹಿಂದೆಯೇ ತೊವ್ವೆಯವರು, ಅವರ ಬೆನ್ನಿಗೆ ತುಪ್ಪದವರು ಬರದಿದ್ದರೆ ಅನ್ನ ಆರುತ್ತದೆ, ಕೂತವರು ಮುಖ ನೋಡುತ್ತಾರೆ. ಹಾಗಾಗಿ ಪಂಕ್ತಿಯಲ್ಲಿ ಅರವತ್ತು ಜನ ಕೂತರೂ ನೂರಿಪ್ಪತ್ತು ಜನ ಕೂತರೂ ಬಡಿಸುವವರ ತಂಡ ಹೆಚ್ಚುಕಡಿಮೆ ಅಷ್ಟೇ ಇರಬೇಕಾಗುತ್ತದೆ. ಮುಖ್ಯ ಅಡುಗೆಯವರು, ಕೈಯಾಳುಗಳು, ಪಾತ್ರೆ ತೊಳೆಯುವವರು, ಪಾತ್ರೆ-ಒಲೆ ಸಾಗಿಸುವ ಗಾಡಿ, ಇವೂ ಹಾಗೆಯೇ. ಜನ ಕಡಿಮೆ ಎಂದು ಅರ್ಧ ಗಾಡಿ ತರಲು ಆಗುವುದಿಲ್ಲ.

ಲೆಕ್ಕ ಮಾಡೋಣ. ಅಂಕಿಗಳು ಉದಾಹರಣೆಗೆ ಇಟ್ಟುಕೊಂಡವು; ಊರು, ಕಾಲ, ಪಟ್ಟಿ ನೋಡಿ ಬದಲಾಗುತ್ತವೆ. ಮುಹೂರ್ತದ ಊಟಕ್ಕೆ 500 ಎಲೆ ಗ್ಯಾರಂಟಿ, ಎಲೆಗೆ 420 ರೂಪಾಯಿ ಎಂದು ಕಾಂಟ್ರಾಕ್ಟರು ಹೇಳಿದ್ದಾರೆ. ಆಳು, ಗಾಡಿ, ಪಾತ್ರೆ ಸೇರಿ ಜನ ಎಷ್ಟೇ ಬಂದರೂ ತಪ್ಪದ ಖರ್ಚು 75,000. ದಿನಸಿ, ತರಕಾರಿ, ಹಾಲು-ಮೊಸರು, ಗ್ಯಾಸು, ಬಾಳೆಲೆ, ನೀರು ಸೇರಿ ಒಂದೊಂದು ಎಲೆಗೆ ಬೀಳುವ ಖರ್ಚು 230. ಐನೂರು ಎಲೆಗೆ ಹಂಚಿದರೆ ಆ 75,000ದಲ್ಲಿ ಎಲೆಗೆ 150 ಬರುತ್ತದೆ, ಒಟ್ಟು 380. ಅವರಿಗೆ ಉಳಿಯುವುದು ಎಲೆಗೆ 40. ಅದೇ ಊಟವನ್ನು 300 ಎಲೆಗೆ ಮಾಡಿದರೆ ತಪ್ಪದ ಖರ್ಚೇ ಎಲೆಗೆ 250, ಒಟ್ಟು 480. ಅಂದರೆ 420ರ ದರದಲ್ಲಿ ಅವರು ಕೈಯಿಂದ ಹಾಕಿಕೊಳ್ಳಬೇಕು. ಮುನ್ನೂರು ಜನರ ಮದುವೆಗೆ ಅದೇ ಪಟ್ಟಿಗೆ ಐನೂರು ಜನರ ಮದುವೆಗಿಂತ ಹೆಚ್ಚು ದರ ಕೇಳುವುದು ಇದಕ್ಕೇ. 2020ರಲ್ಲಿ ಕೋವಿಡ್ ನಿಯಮಗಳು ಮದುವೆಗೆ 50 ಜನರ ಮಿತಿ ಹಾಕಿದಾಗ ಎಲೆಯ ಲೆಕ್ಕವೇ ಕೈಕೊಟ್ಟಿತು. ಐವತ್ತು ಎಲೆಯ ಮೇಲೆ ಆಳು-ಗಾಡಿಯ ಖರ್ಚು ಹಂಚಿದರೆ ಯಾರೂ ಕೊಡುವಂಥ ದರ ಬರುವುದಿಲ್ಲ.

ಗ್ಯಾರಂಟಿ ಎಂದರೆ ಏನೆಂದು ಬಹಳ ಮನೆಗಳಲ್ಲಿ ತಪ್ಪು ತಿಳಿವಳಿಕೆ ಇದೆ. ಅದು ಬರುವ ಜನರ ಅಂದಾಜಲ್ಲ. ಬಂದರೂ ಬಾರದಿದ್ದರೂ ದುಡ್ಡು ಕೊಡುತ್ತೇವೆಂದು ಒಪ್ಪಿಕೊಂಡ ಎಲೆಗಳ ಸಂಖ್ಯೆ. ಎಷ್ಟು ಜನ ಬರಬಹುದು ಎಂಬುದಕ್ಕಿಂತ, ಏನೇ ಆದರೂ ಎಷ್ಟಕ್ಕಿಂತ ಕಡಿಮೆಯಾಗದು ಎಂದು ಯೋಚಿಸಿ ಅದನ್ನು ಹೇಳಬೇಕು.

ನಮ್ಮ ಉದಾಹರಣೆಯ ಮನೆಯವರು ಆಹ್ವಾನ ಪತ್ರಿಕೆ ಎಣಿಸಿ 520 ಜನ ಬರುತ್ತಾರೆಂದು ಲೆಕ್ಕ ಹಾಕಿ 500ಕ್ಕೆ ಒಪ್ಪಿದರು. ಮುಹೂರ್ತ ಬುಧವಾರ ಬೆಳಿಗ್ಗೆ. ಕಚೇರಿಗೆ ಹೋಗುವವರು ಸಂಜೆಯ ಆರತಕ್ಷತೆಗೆ ಬಂದರು, ಮಧ್ಯಾಹ್ನ ಉಂಡವರು 430 ಮಂದಿ. ಕೊಡಬೇಕಾದದ್ದು 500 ಎಲೆಗೇ, 2,10,000. ಉಂಡ ಎಲೆಗೆ ಹಂಚಿ ನೋಡಿದರೆ 488 ರೂಪಾಯಿ ಬಿತ್ತು. ಅದೇ ಮನೆಯವರು 400 ಎಲೆ ಗ್ಯಾರಂಟಿ ಕೊಟ್ಟು, ಅದಕ್ಕಾಗಿ ದರ 440ಕ್ಕೆ ಏರಿದರೂ ಒಪ್ಪಿದ್ದರೆ, 430 ಎಲೆಗೆ 1,89,200 ಆಗುತ್ತಿತ್ತು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಉಳಿಯುತ್ತಿತ್ತು. ಅಂದುಕೊಂಡಂತೆ 520 ಜನವೇ ಬಂದಿದ್ದರೆ? 420ರ ದರದಲ್ಲಿ 2,18,400, 440ರಲ್ಲಿ 2,28,800. ಹತ್ತು ಸಾವಿರ ಹೆಚ್ಚು. ಕಡಿಮೆ ಜನ ಬಂದಾಗ ಆಗುವ ನಷ್ಟ, ಹೆಚ್ಚು ಜನ ಬಂದಾಗ ಆಗುವ ನಷ್ಟದ ಎರಡರಷ್ಟು. ಚೌಕಾಸಿ ಮಾಡುವವರು ದರದಲ್ಲಿ ಇಪ್ಪತ್ತು ರೂಪಾಯಿ ಇಳಿಸಿಕೊಂಡು ಗೆದ್ದೆವೆಂದುಕೊಳ್ಳುತ್ತಾರೆ. ನನಗೆ ಕೇಳಿದರೆ ಆ ಹಟವನ್ನು ಗ್ಯಾರಂಟಿ ಸಂಖ್ಯೆ ಇಳಿಸಲು ಮಾಡಬೇಕು.

ಇದಕ್ಕೊಂದು ತೊಡಕಿದೆ. ಕಾಂಟ್ರಾಕ್ಟರು ಅಡುಗೆ ಮಾಡುವುದೂ ಆ ಗ್ಯಾರಂಟಿಯನ್ನೇ ನೋಡಿ. ಅದರ ಮೇಲೆ ನೂರಕ್ಕೆ ಹತ್ತರಷ್ಟು ಹೆಚ್ಚುವರಿ ತಯಾರಿ ಎಂದು ಮಾತಾಗಿದ್ದರೆ, 400ಕ್ಕೆ 440 ಜನರ ಅಡುಗೆ ಸಿದ್ಧವಿರುತ್ತದೆ. ಐನೂರು ಜನ ಬಂದರೆ ಕೊನೆಯ ಪಂಕ್ತಿ ಸಿಕ್ಕಿಬೀಳುತ್ತದೆ. ಅನ್ನ-ಸಾರನ್ನು ಮತ್ತೆ ಮಾಡಬಹುದು; ಒಬ್ಬಟ್ಟನ್ನು ಆ ಹೊತ್ತಿಗೆ ತಟ್ಟಲು ಆಗುವುದಿಲ್ಲ. ಪದಾರ್ಥ ಸಾಲದು ಎಂಬುದು ಯಾರೂ ಬಾಯಿಬಿಡುವ ಮೊದಲೇ ಪಂಕ್ತಿಯಲ್ಲಿ ಗೊತ್ತಾಗುತ್ತದೆ. ಇಡೀ ಬರುತ್ತಿದ್ದ ಹೋಳಿಗೆ ಅರ್ಧವಾಗಿ ಬರುತ್ತದೆ. ಕೇಳದೆ ಬಡಿಸುತ್ತಿದ್ದವರು ‘ಬೇಕಾ?’ ಎಂದು ಕೇಳುತ್ತಾ ನಿಲ್ಲದೆ ಮುಂದೆ ಹೋಗುತ್ತಾರೆ. ಎರಡು ಪಂಕ್ತಿಗಳ ನಡುವೆ ಎಲೆ ಹಾಕಿಯೂ ಕಾಯಿಸುತ್ತಾರೆ. ಆದ್ದರಿಂದ ಒಪ್ಪಂದದಲ್ಲಿ ಎರಡು ಸಂಖ್ಯೆ ಬೇರೆ ಬೇರೆ ಬರೆಸುವುದು ಒಳ್ಳೆಯದು: ಗ್ಯಾರಂಟಿ ಇಷ್ಟು, ತಯಾರಿ ಇಷ್ಟು. ಗ್ಯಾರಂಟಿ 400, ತಯಾರಿ 480 ಎಂದರೆ ಕಾಂಟ್ರಾಕ್ಟರು ಸುಮ್ಮನೆ ಒಪ್ಪರು, ಉಳಿದರೆ ಯಾರ ತಲೆಗೆ ಎಂದು ಕೇಳುತ್ತಾರೆ. ಆಗ ಹೆಚ್ಚುವರಿ ತಯಾರಿಯ ಪದಾರ್ಥದ ಖರ್ಚನ್ನಷ್ಟೇ ಕೊಡುತ್ತೇವೆ ಎಂದರೆ ಮಾತು ಕುದುರುತ್ತದೆ. ಕೊನೆಯ ಸಂಖ್ಯೆಯನ್ನು ಯಾವ ದಿನದೊಳಗೆ ಬದಲಿಸಬಹುದು ಎಂಬುದನ್ನೂ ಬರೆಸಬೇಕು. ತರಕಾರಿ ಮಾರುಕಟ್ಟೆಗೆ ಹೋಗುವ ಮೊದಲು, ಮೂರ್ನಾಲ್ಕು ದಿನ ಮುಂಚೆ ಎಂದರೆ ಅವರಿಗೂ ಅಡ್ಡಿಯಿಲ್ಲ.

ಇನ್ನು ಒಂದು ಮದುವೆಗೆ ಒಂದೇ ಗ್ಯಾರಂಟಿ ಇರುವುದಿಲ್ಲ. ಹಿಂದಿನ ರಾತ್ರಿ ವರಪೂಜೆಯ ಊಟ, ಬೆಳಗಿನ ತಿಂಡಿ, ಮುಹೂರ್ತದ ಊಟ, ಆರತಕ್ಷತೆ, ಒಂದೊಂದಕ್ಕೂ ಬೇರೆ ದರ, ಬೇರೆ ಕನಿಷ್ಠ ಸಂಖ್ಯೆ. ‘ಎರಡು ದಿನದ ಪ್ಯಾಕೇಜು, ತಲೆಗೆ ಇಷ್ಟು’ ಎಂದು ಒಟ್ಟಾಗಿ ಹೇಳಿದಾಗ ತಿಂಡಿಗೂ ಐನೂರೇ ಎಣಿಕೆಯಾಗಿಬಿಡುತ್ತದೆ. ಬೆಳಿಗ್ಗೆ ಏಳೂವರೆಗೆ ಛತ್ರದಲ್ಲಿರುವವರು ಎರಡೂ ಕಡೆಯ ಹತ್ತಿರದ ಬಂಧುಗಳಷ್ಟೇ.

ಪಟ್ಟಿಯ ದರ್ಜೆಗಳ ವಿಷಯಕ್ಕೆ ಬರೋಣ. ಹಿಂದೆ ಸಾದಾ, ಸ್ಪೆಷಲ್ ಎನ್ನುತ್ತಿದ್ದರು. ಈಗ ಸಿಲ್ವರ್, ಗೋಲ್ಡ್, ಪ್ಲಾಟಿನಂ. ಮೂರನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಅನ್ನ, ಸಾರು, ಹುಳಿ, ಪಲ್ಯ, ಕೋಸಂಬರಿ, ಮಜ್ಜಿಗೆಯಲ್ಲಿ ಏನೂ ಬದಲಾಗಿರುವುದಿಲ್ಲ. ಒಂದು ಸಿಹಿ ಎರಡಾಗಿರುತ್ತದೆ, ಚಿತ್ರಾನ್ನದ ಜೊತೆ ಇನ್ನೊಂದು ಬಾತ್ ಸೇರಿರುತ್ತದೆ, ಬೋಂಡ, ಐಸ್‌ಕ್ರೀಮು, ಹಣ್ಣು, ಬೀಡ ಬಂದಿರುತ್ತವೆ. ಮೇಲಿನ ದರ್ಜೆಯಲ್ಲಿ ದೋಸೆ, ಚಾಟ್ಸ್ ಕೌಂಟರುಗಳು. ಉಣ್ಣುವವರ ಹೊಟ್ಟೆ ಮಾತ್ರ ದರ್ಜೆಯ ಜೊತೆ ದೊಡ್ಡದಾಗುವುದಿಲ್ಲ. ಇಪ್ಪತ್ತು ಬಗೆ ಇದ್ದ ಎಲೆಗೆ ಇನ್ನು ಹತ್ತು ಬಗೆ ಸೇರಿದರೆ ಒಂದೊಂದನ್ನೂ ಕಡಿಮೆ ತಿಂದು ಮಿಕ್ಕದ್ದನ್ನು ಮಡಚಿ ಏಳುತ್ತಾರೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ತಂಡವೊಂದು ಸುಮಾರು ಹದಿನೈದು ವರ್ಷಗಳ ಹಿಂದೆ ನಗರದ 75 ಕಲ್ಯಾಣ ಮಂಟಪಗಳನ್ನು ನೋಡಿ, ನಗರದ ಮದುವೆಗಳಲ್ಲಿ ವರ್ಷಕ್ಕೆ 943 ಟನ್ ಆಹಾರ ಪೋಲಾಗುತ್ತದೆಂದು ಅಂದಾಜು ಮಾಡಿತ್ತು.

ಹಾಗೆಂದು ಕೆಳಗಿನ ದರ್ಜೆಯನ್ನು ಕಣ್ಣುಮುಚ್ಚಿ ಒಪ್ಪಬೇಕೆಂದಲ್ಲ. ಪಟ್ಟಿಯಲ್ಲಿ ಹೆಸರುಗಳಿಗಿಂತ ಅವುಗಳ ಪಕ್ಕದ ಸಣ್ಣ ಮಾತುಗಳನ್ನು ನೋಡಬೇಕು. ಹೋಳಿಗೆ ‘ಎಲೆಗೆ ಒಂದು’ ಎಂದಿದೆಯೋ, ‘ಕೇಳಿದಷ್ಟು’ ಎಂದಿದೆಯೋ? ಹೋಳಿಗೆ ಛತ್ರದಲ್ಲೇ ಕಾವಲಿಯ ಮೇಲೆ ಬೇಯುತ್ತದೋ, ಹಿಂದಿನ ದಿನ ಮಾಡಿ ಡಬ್ಬದಲ್ಲಿ ಬರುತ್ತದೋ? ಎರಡಕ್ಕೂ ಹೆಸರು ಒಂದೇ, ಕೂಲಿ ಬೇರೆ. ಚಿರೋಟಿಯ ಜೊತೆ ಬಾದಾಮಿ ಹಾಲು ಎಂದರೆ ಅದು ಬಾದಾಮಿ ಅರೆದದ್ದೋ, ಪುಡಿ ಕಲಸಿದ್ದೋ? ಕೆಳ ದರ್ಜೆಯ ಪಟ್ಟಿಯನ್ನೇ ತೆಗೆದುಕೊಂಡು, ಮನೆಯವರಿಗೆ ನಿಜವಾಗಿ ಬೇಕಾದ ಒಂದೋ ಎರಡೋ ಬಗೆಯನ್ನು ಎಲೆಗೆ ಇಷ್ಟೆಂದು ಸೇರಿಸಿಕೊಳ್ಳುವುದು ನನಗೆ ಸರಿ ಕಂಡಿರುವ ದಾರಿ. ಎರಡನೇ ದರ್ಜೆಗೆ ನೂರು ರೂಪಾಯಿ ಹೆಚ್ಚು ಕೊಟ್ಟು ಯಾರೂ ಮುಟ್ಟದ ಇನ್ನೊಂದು ಬಾತ್ ತರಿಸುವುದಕ್ಕಿಂತ, ಬಿಸಿ ಹೋಳಿಗೆಗೆ ಒಬ್ಬರನ್ನು ಹೆಚ್ಚಿಗೆ ಕೂರಿಸಿದರೆ ಊಟ ನೆನಪಿನಲ್ಲಿ ಉಳಿಯುತ್ತದೆ.

ದರದ ಹೊರಗೆ ನಿಲ್ಲುವ ಖರ್ಚುಗಳೂ ಇವೆ. ಹೊರಗಿನ ಅಡುಗೆಯವರನ್ನು ಕರೆತಂದರೆ ಕೆಲವು ಛತ್ರಗಳು ಪ್ರತ್ಯೇಕ ಹಣ ಕೇಳುತ್ತವೆ. ಗ್ಯಾಸು, ಕಸ ಸಾಗಣೆ, ನೀರಿನ ಬಾಟಲಿ ಯಾರದ್ದೆಂದು ಮೊದಲೇ ಕೇಳಬೇಕು. ಛತ್ರಕ್ಕೆ ಬಂದು ಅಡುಗೆ ಮಾಡಿಕೊಡುವವರ ಬಿಲ್ಲಿಗೆ ಜಿಎಸ್‌ಟಿ ಸಾಮಾನ್ಯವಾಗಿ ಶೇಕಡಾ 5. ಕೋಣೆ ಬಾಡಿಗೆ ದಿನಕ್ಕೆ 7,500 ರೂಪಾಯಿ ದಾಟುವ ಹೋಟೆಲಿನಲ್ಲಿ ಅದು 18. ಎರಡು ಲಕ್ಷದ ಊಟಕ್ಕೆ ಒಂದು ಕಡೆ ಹತ್ತು ಸಾವಿರ, ಇನ್ನೊಂದು ಕಡೆ ಮೂವತ್ತಾರು ಸಾವಿರ.

ಜಗಳ ಹೆಚ್ಚು ನಡೆಯುವುದು ಎಣಿಕೆಯಲ್ಲಿ. ಹಾಕಿದ ಎಲೆ ಲೆಕ್ಕವೋ, ಉಂಡ ಎಲೆ ಲೆಕ್ಕವೋ? ಪಂಕ್ತಿಯ ತುದಿಯಲ್ಲಿ ಯಾರೂ ಕೂರದೆ ಉಳಿದ ಎಂಟು ಎಲೆ ಯಾರದು? ವಾಲಗದವರು, ಫೋಟೊದವರು, ಡ್ರೈವರುಗಳು, ಛತ್ರದ ಸಿಬ್ಬಂದಿ ಎಣಿಕೆಗೆ ಬರುತ್ತಾರೋ? ಅಡುಗೆ ತಂಡದವರ ಊಟ ನಮ್ಮ ಲೆಕ್ಕದಲ್ಲಿ ಬೀಳಬಾರದು. ಮನೆಯ ಕಡೆಯ ಒಬ್ಬರು, ಮದುಮಕ್ಕಳ ಜೊತೆ ಫೋಟೊಗೆ ನಿಲ್ಲಬೇಕಿಲ್ಲದ ಒಬ್ಬ ಚಿಕ್ಕಪ್ಪನೋ ಭಾವಮೈದುನನೋ, ಪ್ರತಿ ಪಂಕ್ತಿ ಕೂತ ಮೇಲೆ ಕಾಂಟ್ರಾಕ್ಟರ ಮೇಸ್ತ್ರಿಯ ಜೊತೆ ನಡೆದು ಎಣಿಸಿ, ಚೀಟಿಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದರೆ ಸಂಜೆ ಮಾತೇ ಇರುವುದಿಲ್ಲ. ಬಫೆಯಲ್ಲಿ ಇದು ಇನ್ನೂ ಕಷ್ಟ. ಅಲ್ಲಿ ಎಣಿಸುವುದು ತಟ್ಟೆಯನ್ನು, ಮತ್ತು ಒಬ್ಬರೇ ಎರಡು ತಟ್ಟೆ ಹಿಡಿಯುತ್ತಾರೆ. ಕೌಂಟರಿಗೆ ಎಷ್ಟು ತಟ್ಟೆ ಬಂತು, ಕೊನೆಗೆ ಬಳಸದ್ದು ಎಷ್ಟು ಉಳಿಯಿತು ಎಂದು ಎರಡು ಹೊತ್ತು ನೋಡಿ ವ್ಯತ್ಯಾಸ ತೆಗೆಯುವುದು, ಎರಡನೇ ತಟ್ಟೆಗೆಂದು ಒಂದಿಷ್ಟು ಬಿಡುವುದು ರೂಢಿ. ಎಷ್ಟು ಬಿಡುವುದೆಂದು ಮುಂಗಡ ಕೊಡುವ ದಿನವೇ ಮಾತಾಡಿಕೊಳ್ಳಬೇಕು. ಆರತಕ್ಷತೆ ಮುಗಿದ ರಾತ್ರಿ ಹನ್ನೊಂದಕ್ಕೆ ಆ ಮಾತು ಎತ್ತಿದರೆ ಇಬ್ಬರಿಗೂ ನಿದ್ದೆ ಬಂದಿರುತ್ತದೆ, ಇಬ್ಬರೂ ಸೋಲುವುದಿಲ್ಲ.

ಹಳೆ ಮೈಸೂರು ಕಡೆ ಮದುವೆಯ ನಂತರದ ಬೀಗರೂಟಕ್ಕೆ ಈ ರಗಳೆ ಅಷ್ಟಾಗಿ ಇರುವುದಿಲ್ಲ. ಅಲ್ಲಿ ಅನೇಕ ಮನೆಗಳಲ್ಲಿ ಇಂದಿಗೂ ಮಾಂಸ, ಅಕ್ಕಿ, ಮಸಾಲೆಯನ್ನು ಮನೆಯವರೇ ತಂದು ಅಡುಗೆಯವರಿಗೆ ಕೂಲಿ ಮಾತ್ರ ಕೊಡುತ್ತಾರೆ. ಕನಿಷ್ಠ ಎಲೆಯ ಮಾತು ಬರುವುದಿಲ್ಲ, ಎಣಿಸಲು ಯಾರೂ ನಿಲ್ಲುವುದಿಲ್ಲ. ಆದರೆ ಮಟನ್ ಸಾಲದೆ ಬಂದರೆ ಓಡುವವರು ಮನೆಯವರೇ.