ಅಂಗಡಿಯ ಬಾಡಿಗೆ: ಲಾವಣಿಯೋ, ಕೋರೋ?

ಹೊಲವನ್ನು ಲಾವಣಿಗೆ ಹಿಡಿದವನಿಗೂ ಕೋರಿಗೆ ಮಾಡಿದವನಿಗೂ ಇದ್ದ ವ್ಯತ್ಯಾಸವನ್ನು ನಮ್ಮ ಭಾಗದ ಹಳಬರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಲಾವಣಿಯೆಂದರೆ ಮಳೆ ಆಗಲಿ ಬಿಡಲಿ, ಮಾತಾದಷ್ಟು ಹಣವನ್ನೋ ಚೀಲಗಳನ್ನೋ ಹೊಲದ ಒಡೆಯನಿಗೆ ಮುಟ್ಟಿಸಬೇಕು, ಮಿಕ್ಕದ್ದೆಲ್ಲ ಉತ್ತವನದು. ಕೋರೆಂದರೆ ಬಂದ ಬೆಳೆಯಲ್ಲಿ ಪಾಲು. ಬೆಳೆ ಹೋದರೆ ಇಬ್ಬರದೂ ಹೋಯಿತು. ಅಂಗಡಿಯ ಬಾಡಿಗೆಯಲ್ಲಿಯೂ ಇವೇ ಎರಡು ದಾರಿಗಳಿವೆ. ತಿಂಗಳಿಗೆ ಇಷ್ಟೆಂದು ಕೊಡುವ ನಿಶ್ಚಿತ ಬಾಡಿಗೆ ಮೊದಲಿನಿಂದ ಬಂದದ್ದು. ಆದ ವ್ಯಾಪಾರದಲ್ಲಿ ನೂರಕ್ಕೆ ಇಷ್ಟೆಂದು ಕೊಡುವ ಪದ್ಧತಿ ದೊಡ್ಡ ಮಾಲುಗಳಿಂದ ಇಳಿದು ಸಣ್ಣ ಮಳಿಗೆಗಳ ಮಾತುಕತೆಗೂ ಬರುತ್ತಿದೆ. ಕಾನೂನಿಗೂ ಇದು ಹೊಸದಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 105ನೆಯ ಕಲಮು ಬಾಡಿಗೆಯ ಪ್ರತಿಫಲವನ್ನು ಹೇಳುವಾಗ ಹಣದ ಜೊತೆಗೆ ಬೆಳೆಯ ಪಾಲನ್ನೂ ಎಣಿಸಿದೆ.

ಈಗ ನೀವು ಲಕಮನಹಳ್ಳಿಯಲ್ಲಿ, ಹುಬ್ಬಳ್ಳಿ-ಧಾರವಾಡ ರಸ್ತೆಯ ಬಗಲಿಗೆ, ಮಕ್ಕಳ ಸಿದ್ಧ ಉಡುಪಿನ ಒಂದು ಸಣ್ಣ ಅಂಗಡಿ ಇಡಬೇಕೆಂದಿದ್ದೀರಿ ಎನ್ನೋಣ. ಕೈಗಾರಿಕಾ ಪ್ರದೇಶದ ಕೆಲಸಗಾರರ ಮನೆಯವರು ನಿಮ್ಮ ಗಿರಾಕಿಗಳು. ಮಳಿಗೆಯ ಮಾಲಕರು ಎರಡು ಮಾತು ಮುಂದಿಟ್ಟಿದ್ದಾರೆ: ಒಂದೋ ತಿಂಗಳಿಗೆ 9,000 ರೂಪಾಯಿ, ಇಲ್ಲವೇ ವ್ಯಾಪಾರದ ಮೇಲೆ ನೂರಕ್ಕೆ 8. ಈ ಅಂಕಿಗಳು ಲೆಕ್ಕ ತೋರಿಸುವುದಕ್ಕಾಗಿ ನಾನು ಇಟ್ಟುಕೊಂಡವು. ನಿಮ್ಮ ಅಂಕಿಗಳನ್ನು ಅದೇ ಜಾಗದಲ್ಲಿ ಹಾಕಿ ನೋಡಬಹುದು.

ಮೊದಲು ಮಾಡಬೇಕಾದುದು ಒಂದೇ ಒಂದು ಭಾಗಾಕಾರ. 9,000ವನ್ನು ನೂರಕ್ಕೆ 8ರಿಂದ ಭಾಗಿಸಿದರೆ 1,12,500 ಬರುತ್ತದೆ. ತಿಂಗಳ ವ್ಯಾಪಾರ ಇಷ್ಟಾದಾಗ ಎರಡೂ ಬಾಡಿಗೆ ಒಂದೇ. ಇದಕ್ಕಿಂತ ಕಡಿಮೆಯಾದರೆ ಪಾಲು ಅಗ್ಗ, ಹೆಚ್ಚಾದರೆ ನಿಶ್ಚಿತ ಬಾಡಿಗೆ ಅಗ್ಗ. ಬಹಳ ಮಂದಿ ಇಲ್ಲಿಗೇ ಪೆನ್ಸಿಲ್ಲು ಕೆಳಗಿಡುತ್ತಾರೆ. ಆದರೆ ಉಡುಪಿನ ವ್ಯಾಪಾರ ಹನ್ನೆರಡು ತಿಂಗಳೂ ಒಂದೇ ತೂಕದಲ್ಲಿ ನಡೆಯುವುದಿಲ್ಲವಲ್ಲ! ಪಂಚಮಿ ಮತ್ತು ದೀಪಾವಳಿಯ ಎರಡು ತಿಂಗಳು 2,50,000ದಂತೆ, ಯುಗಾದಿ, ಲಗ್ನಸರಾಯಿ, ಶಾಲೆ ತೆರೆಯುವ ಕಾಲ ಸೇರಿ ಮೂರು ತಿಂಗಳು 1,20,000ದಂತೆ, ಉಳಿದ ಏಳು ತಿಂಗಳು 80,000ದಂತೆ ವ್ಯಾಪಾರವಾಯಿತೆನ್ನಿ. ವರ್ಷಕ್ಕೆ ಒಟ್ಟು 14,20,000. ನಿಶ್ಚಿತ ಬಾಡಿಗೆಯಾದರೆ ವರ್ಷಕ್ಕೆ 1,08,000; ಪಾಲಾದರೆ 1,13,600. ಸಾಧಾರಣ ವರ್ಷದಲ್ಲಿ ಅಂತರ ಬರೀ 5,600 ರೂಪಾಯಿ.

ಹಾಗಾದರೆ ಯಾವುದಾದರೇನು ಎನ್ನಬೇಡಿ. ಅಂತರ ಕಾಣುವುದು ಕೆಟ್ಟ ವರ್ಷದಲ್ಲಿ. ನೂರು ರೂಪಾಯಿಯ ಮಾಲು ಮಾರಿದಾಗ ನಿಮಗೆ 75 ರೂಪಾಯಿ ಅಸಲು ಬಿದ್ದು 25 ಉಳಿಯುತ್ತದೆ ಎಂದೂ, ಒಬ್ಬ ಹುಡುಗನ ಸಂಬಳ, ದೀಪದ ಬಿಲ್ಲು ಮೊದಲಾದವು ತಿಂಗಳಿಗೆ 11,000 ಎಂದೂ ಹಿಡಿಯೋಣ. ಸಾಧಾರಣ ವರ್ಷದಲ್ಲಿ ಬಾಡಿಗೆ ಕಳೆದು ನಿಮ್ಮ ಕೈಗೆ ನಿಶ್ಚಿತದಲ್ಲಿ 1,15,000, ಪಾಲಿನಲ್ಲಿ 1,09,400 ಬರುತ್ತದೆ. ಈಗ ಯಾವುದೋ ಕಾರಣಕ್ಕೆ ವ್ಯಾಪಾರ ನೂರಕ್ಕೆ 30ರಷ್ಟು ಬಿತ್ತೆನ್ನಿ: ಒಂದು ಕಾರಖಾನೆ ಪಾಳಿ ಕಡಿಮೆ ಮಾಡಿತು, ಅಥವಾ ರಸ್ತೆ ಅಗೆದು ಗಿರಾಕಿಗಳು ಆಚೆ ಬದಿಗೇ ಉಳಿದರು. 2018ರಲ್ಲಿ ಬಿ.ಆರ್.ಟಿ.ಎಸ್. ಬಸ್ಸು ಓಡತೊಡಗುವ ಮೊದಲು ಈ ರಸ್ತೆಯ ಕೆಲಸ ನಡೆದ ಕಾಲವನ್ನು ಕಂಡವರಿಗೆ ಇದು ಬರೀ ಊಹೆಯೆನಿಸದು. ವ್ಯಾಪಾರ 9,94,000ಕ್ಕೆ ಇಳಿದಾಗ ಬಾಡಿಗೆ ಕೊಡುವ ಮೊದಲು ನಿಮ್ಮಲ್ಲಿ ಉಳಿಯುವುದು 1,16,500. ನಿಶ್ಚಿತ ಬಾಡಿಗೆ ಕೊಟ್ಟರೆ ಇಡೀ ವರ್ಷದ ದುಡಿಮೆಗೆ 8,500 ಸಿಕ್ಕಿತು. ಪಾಲಿನ ಬಾಡಿಗೆ 79,520 ಕೊಟ್ಟರೆ 36,980 ಸಿಕ್ಕಿತು. ಸುಗ್ಗಿಯ ವರ್ಷ ಬಂದು ವ್ಯಾಪಾರ ಅಷ್ಟೇ ಏರಿದರೆ ಮಾತು ತಿರುಗುತ್ತದೆ: ಪಾಲಿನಲ್ಲಿರುವವನು ಮಾಲಕರಿಗೆ 39,680 ಹೆಚ್ಚು ತೆರುತ್ತಾನೆ. ಹೀಗೆ ನೋಡಿದರೆ ಪಾಲಿನ ಬಾಡಿಗೆಯೆಂಬುದು ಮಾಲಕರಿಂದ ಕೊಂಡ ಒಂದು ಬಗೆಯ ವಿಮೆ. ಒಳ್ಳೆಯ ವರ್ಷದಲ್ಲಿ ಕಂತು ಕಟ್ಟುತ್ತೀರಿ, ಕೆಟ್ಟ ವರ್ಷದಲ್ಲಿ ಪರಿಹಾರ ಪಡೆಯುತ್ತೀರಿ. ಗಂಟು ಇರುವವನಿಗೆ ಈ ವಿಮೆ ಬೇಡ. ಒಂದೇ ಕೆಟ್ಟ ದೀಪಾವಳಿಗೆ ಅಂಗಡಿ ಮುಚ್ಚಬೇಕಾದವನಿಗೆ ಬೇಕು.

2020ರ ಲಾಕ್‌ಡೌನಿನಲ್ಲಿ ಈ ಭೇದ ನ್ಯಾಯಾಲಯದವರೆಗೂ ಹೋಯಿತು. ದಿಲ್ಲಿಯ ಖಾನ್ ಮಾರ್ಕೆಟಿನ ಒಂದು ಅಂಗಡಿಯ ಬಾಡಿಗೆದಾರರು, ವ್ಯಾಪಾರ ನಿಂತಿದೆಯಾದ್ದರಿಂದ ಬಾಡಿಗೆಯನ್ನು ತಡೆಹಿಡಿಯಬೇಕೆಂದು ಕೇಳಿದಾಗ, ಆ ವರ್ಷದ ಮೇ ತಿಂಗಳಲ್ಲಿ ದಿಲ್ಲಿ ಉಚ್ಚ ನ್ಯಾಯಾಲಯ ಒಪ್ಪಲಿಲ್ಲ. ಆದರೆ ಮಾರಾಟದ ಮೇಲೆ ಬಾಡಿಗೆ ಎಂದು ಕರಾರಿದ್ದವರು ಆ ಕರಾರಿನ ಮಾತಿಗೆ ತಕ್ಕಂತೆ ವಿನಾಯತಿ ಕೇಳಬಹುದೆಂದು ಅದೇ ತೀರ್ಪಿನಲ್ಲಿ ಹೇಳಿತು.

ಇಷ್ಟು ಕೇಳಿ ಪಾಲಿನ ಕಡೆಗೆ ವಾಲಿದವರು ಇನ್ನೊಂದು ಮಾತನ್ನು ಗಮನಿಸಬೇಕು. ಮಾಲಕರು ಬರೀ ಪಾಲಿಗೆ ಒಪ್ಪುವುದು ಅಪರೂಪ. "ಕನಿಷ್ಠ 9,000, ಇಲ್ಲವೇ ನೂರಕ್ಕೆ 8, ಇವೆರಡರಲ್ಲಿ ಯಾವುದು ಹೆಚ್ಚೋ ಅದು" ಎನ್ನುವುದು ಸಾಮಾನ್ಯ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಇದನ್ನು ತಿಂಗಳು ತಿಂಗಳಿಗೆ ಲೆಕ್ಕ ಹಾಕಿದರೆ ಏನಾಗುತ್ತದೆ ನೋಡಿ. ಏಳು ಬಡ ತಿಂಗಳಲ್ಲಿ ಪಾಲು 6,400 ಮಾತ್ರ. ಆದರೂ 9,000ದಂತೆ 63,000 ಕೊಡಬೇಕು. ಮೂರು ನಡು ತಿಂಗಳಿಗೆ 9,600ರಂತೆ 28,800. ಎರಡು ಹಬ್ಬದ ತಿಂಗಳಿಗೆ 20,000ದಂತೆ 40,000. ಒಟ್ಟು 1,31,800. ಅದೇ ಅಂಗಡಿ, ಅದೇ ವ್ಯಾಪಾರ, ಅದೇ ವಾಕ್ಯ. ಆದರೆ ಹೋಲಿಕೆಯನ್ನು ವರ್ಷದ ಕೊನೆಗೆ ಒಮ್ಮೆ ಮಾತ್ರ ಮಾಡಿದ್ದರೆ 1,13,600 ಸಾಕಿತ್ತು. "ಪ್ರತಿ ತಿಂಗಳು" ಎಂಬ ಎರಡು ಶಬ್ದಗಳ ಬೆಲೆ 18,200 ರೂಪಾಯಿ! ಮಳೆ ಬಾರದ ತಿಂಗಳಲ್ಲಿ ಲಾವಣಿ, ಬಂದ ತಿಂಗಳಲ್ಲಿ ಕೋರು ಎಂದು ಹೊಲದ ಒಡೆಯ ಹೇಳಿದ್ದರೆ ಯಾವ ರೈತನೂ ನೇಗಿಲು ಹೂಡುತ್ತಿರಲಿಲ್ಲ.

ಆದುದರಿಂದ ಕನಿಷ್ಠ ಮೊತ್ತ ಇರಬೇಕೆಂದು ಮಾಲಕರು ಹಟ ಹಿಡಿದರೆ ನೀವು ಎರಡರಲ್ಲಿ ಒಂದನ್ನಾದರೂ ಪಡೆಯಿರಿ. ತಿಂಗಳಿಗೆ ಕೊಟ್ಟದ್ದನ್ನು ವರ್ಷದ ಕೊನೆಗೆ ಒಟ್ಟು ವ್ಯಾಪಾರಕ್ಕೆ ತಾಳೆ ನೋಡಿ, ಹೆಚ್ಚು ಹೋದದ್ದನ್ನು ಮುಂದಿನ ಬಾಡಿಗೆಯಲ್ಲಿ ಮುರಿದುಕೊಳ್ಳುವಂತೆ ಬರೆಸುವುದು ಒಂದು. ಕನಿಷ್ಠವನ್ನೇ ಕೆಳಗಿಳಿಸುವುದು ಇನ್ನೊಂದು. ಅದನ್ನು 5,000ಕ್ಕೆ ಇಳಿಸಿದರೆ, ತಿಂಗಳ ಲೆಕ್ಕವಿದ್ದರೂ ಸಾಧಾರಣ ವರ್ಷದಲ್ಲಿ ಅದು ನಿಮ್ಮನ್ನು ಮುಟ್ಟುವುದೇ ಇಲ್ಲ. ಮೇಲೆ ಹೇಳಿದ ಕೆಟ್ಟ ವರ್ಷದಲ್ಲಿಯೂ ಒಟ್ಟು 83,160 ಮಾತ್ರ ಆಗುತ್ತದೆ.

ಇನ್ನು ನೂರಕ್ಕೆ 8 ಎಂಬುದು ಕಣ್ಣಿಗೆ ಸಣ್ಣದಾಗಿ ಕಾಣುವುದೇಕೆಂದರೆ ಅದನ್ನು ಮಾರಿದ ಬೆಲೆಯ ಮೇಲೆ ಹೇಳುತ್ತಾರೆ. ನಿಮಗೆ ಉಳಿಯುವ 25ರಲ್ಲಿ 8 ಹೋದರೆ ಸುಮಾರು ಮೂರರಲ್ಲೊಂದು ಪಾಲು ಹೋದಂತಾಯಿತು. ಕಿರಾಣಿ ಅಂಗಡಿಯಲ್ಲಿ ನೂರಕ್ಕೆ 10 ಮಾತ್ರ ಉಳಿಯುತ್ತದೆ ಎಂದು ಹಿಡಿದರೆ ಅದೇ 8 ಕೊಟ್ಟು ಉಳಿಯುವುದು 2! ತಿಂಗಳಿಗೆ 4,00,000 ವ್ಯಾಪಾರದ ಕಿರಾಣಿಗೆ 9,000 ರೂಪಾಯಿಯ ಬಾಡಿಗೆ ನೂರಕ್ಕೆ ಎರಡೂಕಾಲಷ್ಟೇ ಆಗುತ್ತದೆ. ಪಕ್ಕದ ಮಳಿಗೆಯವರು ಎಷ್ಟು ಕೊಡುತ್ತಾರೆಂದು ಕೇಳಿ ಒಪ್ಪಿಕೊಳ್ಳುವುದು ಇದಕ್ಕೇ ಸಲ್ಲದು. ಅವರು ಮಾರುವುದೇನು ಎಂದು ಮೊದಲು ನೋಡಬೇಕು.

ಉಡುಪಿನವರಿಗೆ ಇದರಲ್ಲಿ ಬೇರೊಂದು ಗುಪ್ತ ಪೆಟ್ಟಿದೆ. ದೀಪಾವಳಿಗೆ ತಂದ ಮಾಲು ಉಳಿದು, ಅದನ್ನು ಇಳಿಸಿ ಮಾರುತ್ತೀರಿ ಎನ್ನಿ. 75ಕ್ಕೆ ತಂದ ಅಂಗಿಯನ್ನು 100ರ ಬದಲು 80ಕ್ಕೆ ಕೊಟ್ಟರೆ 5 ರೂಪಾಯಿ ಉಳಿಯಬೇಕು. ನಿಶ್ಚಿತ ಬಾಡಿಗೆಯಲ್ಲಿ ಅದು ನಿಮ್ಮದೇ. ಪಾಲಿನ ಬಾಡಿಗೆಯಲ್ಲಿ 80ರ ಮೇಲೆ 6 ರೂಪಾಯಿ 40 ಪೈಸೆ ಮಾಲಕರಿಗೆ ಹೋಗಿ, ನೀವು ಅಂಗಿಯೊಂದಕ್ಕೆ 1 ರೂಪಾಯಿ 40 ಪೈಸೆ ಕೈಯಿಂದ ಹಾಕಿದಂತಾಗುತ್ತದೆ. ಕೋರಿನ ಹೊಲಕ್ಕೆ ಗೊಬ್ಬರ ಕಡಿಮೆ ಬೀಳುತ್ತದೆಂಬ ಹಳೆಯ ದೂರಿನ ಕಾರಣವೂ ಇದೇ. ಅಸಲಿಗೆ ಹತ್ತಿರವಾಗಿ ಇಳಿಸಿ ಮಾರುವ ಮಾಲಿಗೆ ನೂರಕ್ಕೆ 3 ಎಂದೋ, ವರ್ಷದಲ್ಲಿ ಒಂದು ತಿಂಗಳಿಗೆ ಮಾತ್ರವೆಂದೋ ಬೇರೆ ದರ ಬರೆಸಿಕೊಂಡರೆ ಮಾಲಕರಿಗೂ ನಷ್ಟವಿಲ್ಲ. ಆ ದರವಿಲ್ಲದಿದ್ದರೆ ಆ ಮಾಲು ಮಾರಾಟವೇ ಆಗುವುದಿಲ್ಲವಷ್ಟೆ?

"ವ್ಯಾಪಾರ" ಎಂದರೆ ಏನೆಂಬುದನ್ನೂ ಕರಾರಿನಲ್ಲಿ ಬಿಡಿಸಿ ಬರೆಯಬೇಕು. ತಿರುಗಿ ಬಂದ ಮಾಲನ್ನು ಕಳೆಯಬೇಕು. ಜಿ.ಎಸ್.ಟಿ. ವಸೂಲು ಮಾಡುವ ಅಂಗಡಿಯಾದರೆ ಆ ತೆರಿಗೆ ಸರಕಾರದ್ದು, ಅದನ್ನು ಎಣಿಸಬಾರದು. ಕೌಂಟರಿನಲ್ಲಿ ಮೊಬೈಲಿಗೆ 300 ರೂಪಾಯಿಯ ರೀಚಾರ್ಜು ಹಾಕಿಕೊಟ್ಟರೆ ನಿಮ್ಮದು ಅದರ ಕಮಿಷನ್ ಮಾತ್ರ. 300ರ ಮೇಲೆ ನೂರಕ್ಕೆ 8 ಎಂದರೆ 24 ರೂಪಾಯಿ, ಕಮಿಷನ್ನೇ ಅಷ್ಟು ಇರುವುದಿಲ್ಲ. ಉದ್ರಿ ಕೊಟ್ಟದ್ದನ್ನು ಕೊಟ್ಟ ದಿನ ಎಣಿಸಬೇಕೋ ಹಣ ಬಂದ ದಿನವೋ ಎಂಬುದಕ್ಕಂತೂ ಜಗಳಗಳೇ ಆಗುತ್ತವೆ. ಹಣ ಬಂದ ದಿನ ಎಂದೇ ಇರಲಿ.

ಈ ಲೆಕ್ಕವನ್ನು ಮಾಲಕರು ನಂಬುವುದು ಹೇಗೆ? ಸಣ್ಣ ಅಂಗಡಿಗಳಲ್ಲಿ ಪಾಲಿನ ಪದ್ಧತಿ ಬೇರೂರದಿರುವುದಕ್ಕೆ ಮುಖ್ಯ ಕಾರಣ ಇದೇ ಎಂದು ನನಗೆ ತೋರುತ್ತದೆ. ಮಾಲಿನಲ್ಲಿ ಎಲ್ಲ ಬಿಲ್ಲುಗಳೂ ಯಂತ್ರದಿಂದ ಹೊರಡುತ್ತವೆ. ಇಲ್ಲಿ ಅರ್ಧ ಹಣ ಫೋನಿಗೆ ಬಂದರೆ ಅರ್ಧ ಗಲ್ಲಾಕ್ಕೆ ಬೀಳುತ್ತದೆ. ದಿನದ ಕೀರ್ದಿಯನ್ನು ಅಂದೇ ಬರೆದು, ಮಾಲು ತಂದ ಬಿಲ್ಲುಗಳನ್ನು ಜೋಡಿಸಿಟ್ಟರೆ ಸುಳ್ಳು ಬಹುದಿನ ನಿಲ್ಲುವುದಿಲ್ಲ: ವರ್ಷಕ್ಕೆ ಹತ್ತೂವರೆ ಲಕ್ಷದ ಮಾಲು ತಂದವನು ಹತ್ತು ಲಕ್ಷದ ವ್ಯಾಪಾರ ತೋರಿಸಿದರೆ ಉಳಿದ ಮಾಲು ಅಂಗಡಿಯಲ್ಲಿ ಕಾಣಬೇಕು. ಕೀರ್ದಿ ಬರೆಯುವ ರೂಢಿಯಿಲ್ಲದವರು ನಿಶ್ಚಿತ ಬಾಡಿಗೆಯನ್ನೇ ಆರಿಸುವುದು ಲೇಸು; ನೂರಕ್ಕೆ 8ರಲ್ಲಿ ಉಳಿದದ್ದು ವಾದದಲ್ಲಿ ಹೋಗುತ್ತದೆ.

ಕೀರ್ದಿ ತೋರಿಸುವುದರಲ್ಲಿಯೂ ಒಂದು ತೊಡಕಿದೆ. ಹನ್ನೊಂದು ತಿಂಗಳ ಕರಾರು ಮುಗಿದು ಹೊಸದಕ್ಕೆ ಕುಳಿತಾಗ, ಮಾಲಕರಿಗೆ ನಿಮ್ಮ ಹಬ್ಬದ ತಿಂಗಳ ವ್ಯಾಪಾರ ರೂಪಾಯಿ ಆಣೆಯಷ್ಟು ಗೊತ್ತಿರುತ್ತದೆ. ಅವರು 8ನ್ನು 10 ಮಾಡಬಹುದು, ಇಲ್ಲವೇ 12,000 ನಿಶ್ಚಿತ ಕೇಳಬಹುದು. ಆದುದರಿಂದ ಪಾಲಿಗೆ ಒಪ್ಪುವವರು ಮೂರು ವರ್ಷಕ್ಕೆ ಕಡಿಮೆಯಿಲ್ಲದಂತೆ ದರವನ್ನು ಕಟ್ಟಿಸಿಕೊಳ್ಳಬೇಕು. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಮುದ್ರಾಂಕದ ಮತ್ತು ನೋಂದಣಿಯ ಖರ್ಚನ್ನು ಯಾರು ಕೊಡಬೇಕೆಂಬುದನ್ನು ದರದ ಮಾತು ಮುಗಿಯುವ ಮೊದಲೇ ಎತ್ತಿರಿ. ಮುಗಿದ ಮೇಲೆ ಎತ್ತಿದರೆ ಅದು ನಿಮ್ಮ ಪಾಲಿಗೇ ಬರುತ್ತದೆ.