ಯಾವ ಅನಿಲವಿದು?

ಬೆಂಗಳೂರಿನ ಪ್ರಯೋಗಾಲಯದಲ್ಲಿ ಗುರುತು ಸಿಗದ ಅನಿಲವೊಂದಿದೆ ಎನ್ನಿ. ಉಷ್ಣತೆ 27 ಡಿಗ್ರಿ ಸೆಲ್ಸಿಯಸ್, ಒತ್ತಡ 91 ಕಿಲೋಪಾಸ್ಕಲ್, ಸಾಂದ್ರತೆ ಲೀಟರಿಗೆ 1.60 ಗ್ರಾಂ. ಆದರ್ಶ ಅನಿಲ ನಿಯಮವನ್ನು ತುಸು ತಿರುಗಿಸಿದರೆ ಮೋಲಾರ್ ರಾಶಿಯ ಸೂತ್ರ ಸಿಗುತ್ತದೆ: M = dRT/P. ಲೀಟರ್, ಕಿಲೋಪಾಸ್ಕಲ್ ಬಳಸಿದಾಗ R ಬೆಲೆ 8.314. ಉಷ್ಣತೆ ಕೆಲ್ವಿನ್‌ನಲ್ಲೇ ಇರಬೇಕು, ಅಂದರೆ 300.

1.60 × 8.314 × 300 ÷ 91 = 43.9 ಗ್ರಾಂ, ಪ್ರತಿ ಮೋಲಿಗೆ.

ಕೆಲ್ವಿನ್ ಮರೆತು 27 ಹಾಕಿದರೆ ಉತ್ತರ 3.9, ಹೀಲಿಯಂ ಎಂದೇ ನಂಬಿಬಿಡುತ್ತೇವೆ! ಆದರೆ ಗಾಳಿಗಿಂತ ಭಾರವಾದದ್ದು ಹೀಲಿಯಂ ಆಗುವುದೆಂತು? ಸಮುದ್ರಮಟ್ಟದ 101.3 ಹಾಕುವ ತಪ್ಪು ಇನ್ನೂ ಕಪಟಿ: 39.4 ಬಂದು ಆರ್ಗಾನ್‌ನಂತೆ ತೋರುತ್ತದೆ.

44ರ ಸುಮಾರಿಗೆ ಕಾರ್ಬನ್ ಡೈಆಕ್ಸೈಡ್, ನೈಟ್ರಸ್ ಆಕ್ಸೈಡ್, ಪ್ರೋಪೇನ್ ಮೂರೂ ಇವೆ. ಸುಣ್ಣದ ತಿಳಿನೀರು ಹಾಲಿನಂತಾದರೆ ಮೊದಲನೆಯದು.